ಕೋರ್ಸ್ ಫೀಸ್ ಕೇಳೋಕೆ ಹೋಗಿ 11 ಟಿಕೆಟ್ ಎಣಿಸಿದ್ದು

ಮೊದಲ ಸಲ ನಾನು ಕೇಳಿದ ರೀತಿಯೇ ಸರಿ ಇರಲಿಲ್ಲ. ವಾರದ ಮೀಟಿಂಗ್ ಮುಗಿದು ಎಲ್ಲರೂ ಏಳುತ್ತಿದ್ದರು. ನಾನು ಲ್ಯಾಪ್‌ಟಾಪ್ ಮಡಚುತ್ತಾ ನಮ್ಮ ಮ್ಯಾನೇಜರ್‌ಗೆ, "ಮೇಡಂ, ಡೇಟಾಬೇಸ್ ಪರ್ಫಾರ್ಮೆನ್ಸ್ ಬಗ್ಗೆ ಒಂದು ಕೋರ್ಸ್ ಇದೆ. ಫೀಸ್ ಕಂಪನಿಯಿಂದ ಸಿಗಬಹುದಾ? ನನಗೆ ತುಂಬಾ ಅನುಕೂಲ ಆಗತ್ತೆ" ಅಂದೆ. ಅವರು "ಲಿಂಕ್ ಕಳಿಸಿ, ನೋಡೋಣ" ಅಂದರು. ಕಳಿಸಿದೆ. ಎರಡು ವಾರ ಸುದ್ದಿಯೇ ಇಲ್ಲ.

ಆಮೇಲೆ ಗೊತ್ತಾಯಿತು, ಆ ಫೀಸ್ ಮಂಜೂರು ಮಾಡುವುದು ಅವರೊಬ್ಬರ ಕೈಯಲ್ಲಿ ಇರಲಿಲ್ಲ. ಒಂದು ಮೊತ್ತದವರೆಗೆ ಮ್ಯಾನೇಜರ್ ಸಹಿ ಸಾಕು. ಅದನ್ನು ದಾಟಿದರೆ ಅವರ ಮೇಲಿನವರು, ನಂತರ ಅಕೌಂಟ್ಸ್‌ನವರು ಒಪ್ಪಬೇಕು. ಅವರು ಯಾರೂ ನನ್ನನ್ನು ನೋಡಿದವರಲ್ಲ. "ಹುಡುಗನಿಗೆ ಅನುಕೂಲ ಆಗತ್ತಂತೆ" ಎಂದು ಮೇಡಂ ಬರೆದು ಕಳಿಸೋಕಾಗತ್ತಾ? ನಾನು ಅವರ ಕೈಗೆ ಏನೂ ಕೊಟ್ಟಿರಲಿಲ್ಲ.

ಹಾಗಾಗಿ ಎರಡನೇ ಸಲ ಕೇಳುವ ಮೊದಲು ಒಂದು ಸಂಜೆ ಕೂತು ನಮ್ಮ ತಂಡದ ಹಿಂದಿನ ಮೂರು ತಿಂಗಳ ಟಿಕೆಟ್, ಅಂದರೆ ದಾಖಲಾದ ದೂರು-ಕೆಲಸಗಳ ಪಟ್ಟಿ, ತೆಗೆದೆ. ಒಟ್ಟು 64 ಇದ್ದವು. "ಸ್ಲೋ" ಎಂಬ ಪದ ಹಾಕಿ ಹುಡುಕಿದರೆ 17 ಬಂದವು. ಅಷ್ಟಕ್ಕೇ ಖುಷಿಪಟ್ಟು ಆ ಸಂಖ್ಯೆ ಬರೆದಿದ್ದರೆ ಸಿಕ್ಕಿಬೀಳುತ್ತಿದ್ದೆ. ಒಂದೊಂದೇ ತೆರೆದು ಓದಿದಾಗ ಆರರಲ್ಲಿ ತೊಂದರೆ ಇದ್ದದ್ದು ನೆಟ್‌ವರ್ಕ್‌ನಲ್ಲೋ ಬ್ರೌಸರ್‌ನಲ್ಲೋ. ನಿಜವಾಗಿ ಡೇಟಾಬೇಸ್ ಕಡೆಯವು 11. ಅವುಗಳಿಗೆ ನಮ್ಮ ತಂಡದ 9 ಕೆಲಸದ ದಿನ ಹೋಗಿತ್ತು.

ಆಮೇಲೆ ಕೋರ್ಸ್‌ನ ಸಿಲಬಸ್ ಪಕ್ಕದಲ್ಲಿಟ್ಟುಕೊಂಡೆ. 8 ಪಾಠಗಳು. ಪ್ರತಿ ಟಿಕೆಟ್ ಎದುರಿಗೆ, ಯಾವ ಪಾಠ ಗೊತ್ತಿದ್ದಿದ್ದರೆ ಇದು ಬೇಗ ಮುಗಿಯುತ್ತಿತ್ತು ಎಂದು ಬರೆಯುತ್ತಾ ಹೋದೆ. ಏಳು ಟಿಕೆಟ್‌ಗಳು ಮೂರು ಪಾಠಗಳಿಗೆ ಹೊಂದಿದವು: ಡೇಟಾಬೇಸ್ ಒಂದು ಕ್ವೆರಿಗೆ ಉತ್ತರ ಹುಡುಕುವ ದಾರಿ ತೋರಿಸುವ ಕ್ವೆರಿ ಪ್ಲಾನ್ ಓದುವುದು, ಇಂಡೆಕ್ಸ್, ಆ ದಾರಿ ಆರಿಸಲು ಡೇಟಾಬೇಸ್ ಇಟ್ಟುಕೊಳ್ಳುವ ಟೇಬಲ್‌ನ ಅಂಕಿಅಂಶ. ಉಳಿದ ನಾಲ್ಕಕ್ಕೆ ಕೋರ್ಸ್‌ನಿಂದ ಏನೂ ಉಪಯೋಗ ಇರಲಿಲ್ಲ. ಎರಡರಲ್ಲಿ ನಮ್ಮದೇ ಕೋಡ್ ಲೂಪ್ ಒಳಗೆ ಒಂದೇ ಕ್ವೆರಿಯನ್ನು ಸಾವಿರಾರು ಸಲ ಓಡಿಸುತ್ತಿತ್ತು. ಇನ್ನೆರಡರಲ್ಲಿ ಸರ್ವರ್‌ನ ಮೆಮೊರಿಯೇ ಕಡಿಮೆ. ಇದನ್ನೂ ಹಾಗೇ ಬರೆದೆ. ಬ್ಯಾಕಪ್, ರೆಪ್ಲಿಕೇಷನ್ ಪಾಠಗಳು ನಮಗೆ ಬೇಕಿಲ್ಲ, ಆ ಕೆಲಸ ಬೇರೆ ತಂಡದ್ದು ಎಂದೂ ಸೇರಿಸಿದೆ. ಕೋರ್ಸ್ ಮಾರುವವರ ಜಾಹೀರಾತಿನ ಥರ ಕಾಣಬಾರದು, ಅಲ್ವಾ?

ಎಲ್ಲಕ್ಕಿಂತ ಗಟ್ಟಿಯಾಗಿದ್ದ ಅಂಶ ರಾತ್ರಿ ಓಡುವ ವರದಿ. ಅದಕ್ಕೆ 38 ನಿಮಿಷ ಹಿಡಿಯುತ್ತಿತ್ತು. ಮುಂದಿನ ತ್ರೈಮಾಸಿಕದಲ್ಲಿ ಅದೇ ವರದಿಗೆ ಇನ್ನೆರಡು ಕಡೆಯ ಡೇಟಾ ಸೇರಿಸಬೇಕೆಂದು ತಂಡದ ಪ್ಲಾನ್‌ನಲ್ಲಿ ಆಗಲೇ ಬರೆದಾಗಿತ್ತು. ಅಂದರೆ ಕೋರ್ಸ್ ಇರಲಿ ಬಿಡಲಿ, ಆ ಕೆಲಸ ಮಾಡಲೇಬೇಕು, ಮಾಡುವವನು ನಾನೇ. ಮೇಡಂಗೆ ಕೊಡಲು ಬರೆದ ಟಿಪ್ಪಣಿಯ ಮೊದಲ ಸಾಲಿನಲ್ಲಿ ಕೋರ್ಸ್ ಹೆಸರು ಇರಲಿಲ್ಲ, ಈ ವರದಿ ಇತ್ತು.

ಲೆಕ್ಕ ಹೀಗಿತ್ತು. ಫೀಸ್ ನನ್ನ ಸುಮಾರು 4 ದಿನದ ಸಂಬಳದಷ್ಟು. ಐದು ವಾರ, ವಾರಕ್ಕೆ ಎರಡು ಗಂಟೆ ಆಫೀಸ್ ಸಮಯ ಕೇಳಿದ್ದರಿಂದ ಇನ್ನೊಂದು ದಿನಕ್ಕೆ ಸ್ವಲ್ಪ ಜಾಸ್ತಿ. ಆ ಏಳು ಟಿಕೆಟ್‌ಗಳಿಗೆ ಮೂರು ತಿಂಗಳಲ್ಲಿ 6 ದಿನ ಹೋಗಿತ್ತು. ಆರೂ ಉಳಿಯುತ್ತವೆ ಅನ್ನಲಿಲ್ಲ. ಅರ್ಧ ಉಳಿದರೆ ಆರು ತಿಂಗಳೊಳಗೆ ಖರ್ಚು ತೀರುತ್ತದೆ ಎಂದೆ. ಕೊನೆಗೆ ಬರುವ ಸರ್ಟಿಫಿಕೇಟ್ ಪರೀಕ್ಷೆಗೆ ಬೇರೆ ಫೀಸ್ ಇತ್ತು. ಅದು ಬೇಡ, ಬೇಕಿದ್ದರೆ ನಾನೇ ಕಟ್ಟುತ್ತೇನೆ ಎಂದು ಬಿಟ್ಟೆ. ಪರೀಕ್ಷೆಯಿಂದ ತಂಡಕ್ಕೇನೂ ಸಿಗುವುದಿಲ್ಲವಲ್ಲ.

ಈ ಸಲ ಇಪ್ಪತ್ತು ನಿಮಿಷ ಬೇರೆಯಾಗಿ ಸಮಯ ಕೇಳಿ ಕೂತೆ. ಮೇಡಂ ಮೊದಲು ಮಾಡಿದ್ದು ಪಟ್ಟಿಯಲ್ಲಿ ಯಾವುದೋ ಒಂದು ಟಿಕೆಟ್ ತೆರೆದು ಓದಿದ್ದು. ನೆಟ್‌ವರ್ಕ್, ಬ್ರೌಸರ್‌ನ ಆ ಆರು ಟಿಕೆಟ್ ಕಿತ್ತುಹಾಕಿದ್ದಕ್ಕೆ ಒಳಗೊಳಗೇ ನಿಟ್ಟುಸಿರು ಬಿಟ್ಟೆ.

ನಂತರ ಕೇಳಿದರು: "ಇದೆಲ್ಲ ಫ್ರೀಯಾಗೇ ಓದೋಕೆ ಸಿಗತ್ತಲ್ಲ?"

ಈ ಪ್ರಶ್ನೆ ಬಂದೇ ಬರುತ್ತದೆ. ನನ್ನ ಹತ್ತಿರ ಉತ್ತರವಾಗಿ ಒಂದು ಟಿಕೆಟ್ ಇತ್ತು. ಅದರಲ್ಲಿ ನಾನು ಫ್ರೀ ದಾಖಲೆ ಓದಿಕೊಂಡೇ, ಪ್ಲಾನ್ ತೋರಿಸುವ `EXPLAIN ANALYZE` ಓಡಿಸಿ, ನೋಡಿ, ಒಂದು ಇಂಡೆಕ್ಸ್ ಸೇರಿಸಿದ್ದೆ. ಡೇಟಾಬೇಸ್ ಆ ಇಂಡೆಕ್ಸನ್ನು ಒಂದು ಸಲವೂ ಮುಟ್ಟಲಿಲ್ಲ. ಎರಡು ದಿನ ಹೋಯಿತು. "ಎಲ್ಲಿ ನೋಡಬೇಕು ಅಂತ ಗೊತ್ತಿದೆ ಮೇಡಂ, ನೋಡಿದ್ದನ್ನ ಅರ್ಥ ಮಾಡ್ಕೊಳ್ಳೋದು ಗೊತ್ತಿಲ್ಲ. ಈ ಕೋರ್ಸ್‌ನಲ್ಲಿ ನಾವೇ ತಂದ ಪ್ಲಾನ್‌ಗಳನ್ನ ಮೇಷ್ಟ್ರು ಕೂತು ಬಿಡಿಸಿ ಹೇಳ್ತಾರೆ" ಅಂದೆ. ಕಂಪನಿಯ ಟೇಬಲ್ ಹೆಸರು ಹೊರಗೆ ಹೋಗಬಾರದು, ಬದಲಾಯಿಸಿ ಒಯ್ಯಿರಿ ಎಂದರು. ಅದು ನನಗೆ ಹೊಳೆದಿರಲಿಲ್ಲ.

ಕೆಲಸ ಬಿಟ್ಟು ಹೋದರೆ ಏನು ಎಂಬುದನ್ನು ಅವರು ಸ್ವಲ್ಪ ಮುಜುಗರದಿಂದಲೇ ಕೇಳಿದರು. ನಮ್ಮಲ್ಲಿ ಒಂದು ವರ್ಷದೊಳಗೆ ಬಿಟ್ಟರೆ ಫೀಸ್ ವಾಪಸ್ ಕೊಡಬೇಕೆಂಬ ನಿಯಮ ಇದೆ. ಪೂರ್ತಿ ಕೊಡಬೇಕಾ, ತಿಂಗಳು ಕಳೆದಂತೆ ಕಡಿಮೆ ಆಗತ್ತಾ ಎಂದು ಎಚ್‌ಆರ್‌ನವರನ್ನು ಮೊದಲೇ ಕೇಳಿಕೊಂಡಿದ್ದೆ. ಕಡಿಮೆ ಆಗುತ್ತದೆ. ಸಹಿ ಹಾಕಲು ತಯಾರು ಅಂದೆ.

ಹೊರಡುವ ಮುಂಚೆ, "ನೀವು ಮೇಲಿನವರಿಗೆ ಕಳಿಸೋಕೆ ಒಂದು ಮೇಲ್ ಬರೆದು ಕೊಡ್ಲಾ?" ಎಂದೆ. ತಕ್ಷಣ ಒಪ್ಪಿದರು. ಅದು ಇಷ್ಟೇ ಇತ್ತು:

"ರಾತ್ರಿ ವರದಿಗೆ ಮುಂದಿನ ತ್ರೈಮಾಸಿಕದಲ್ಲಿ ಎರಡು ಹೊಸ ಡೇಟಾ ಸೇರುತ್ತವೆ. ಈಗಲೇ 38 ನಿಮಿಷ ಹಿಡಿಯುತ್ತಿದೆ. ಇಂಥದ್ದೇ ಏಳು ಟಿಕೆಟ್‌ಗಳಿಗೆ ಮೂರು ತಿಂಗಳಲ್ಲಿ ತಂಡದ 6 ದಿನ ಹೋಗಿದೆ. ಇದಕ್ಕಾಗಿ ಒಬ್ಬರಿಗೆ ಐದು ವಾರದ ಕೋರ್ಸ್ ಕೇಳುತ್ತಿದ್ದೇನೆ. ರಿಲೀಸ್ ವಾರದಲ್ಲಿ ತರಗತಿ ಇಲ್ಲ. ಮುಗಿದ ತಿಂಗಳೊಳಗೆ ವರದಿಯನ್ನು ಸರಿಪಡಿಸಿ, ಕಲಿತದ್ದನ್ನು ತಂಡಕ್ಕೆ ಒಂದು ಗಂಟೆ ಹೇಳಿಕೊಡುತ್ತಾರೆ."

ನಾಲ್ಕನೇ ದಿನ ಒಪ್ಪಿಗೆ ಬಂತು. ಅಲ್ಲೇ ಎಡವಿದೆ. ನಾನು ಟಿಪ್ಪಣಿಯಲ್ಲಿ ಬರೆದಿದ್ದ ಮೊತ್ತ ಕೋರ್ಸ್ ಪುಟದಲ್ಲಿ ಕಂಡದ್ದು. ಹಣ ಕಟ್ಟುವ ಹೊತ್ತಿಗೆ ಅದರ ಮೇಲೆ ತೆರಿಗೆ ಸೇರಿಕೊಂಡಿತು. ಒಪ್ಪಿದ ಮೊತ್ತಕ್ಕಿಂತ ಜಾಸ್ತಿ ಆಯಿತು ಎಂದು ಅಕೌಂಟ್ಸ್‌ನವರು ಮತ್ತೆ ಮೊದಲಿನಿಂದ ಮಂಜೂರಾತಿ ಕೇಳಿದರು. ಬಿಲ್ ಕಂಪನಿ ಹೆಸರಿನಲ್ಲೇ ಇರಬೇಕು, ನನ್ನ ಹೆಸರಿನಲ್ಲಿದ್ದರೆ ನಡೆಯಲ್ಲ ಎಂದೂ ಆಗ ತಿಳಿಯಿತು. ಸದ್ಯ ನನ್ನ ಕಾರ್ಡ್‌ನಿಂದ ಇನ್ನೂ ಕಟ್ಟಿರಲಿಲ್ಲ. ಈ ಓಡಾಟ ಮುಗಿದಾಗ ನೋಂದಣಿಗೆ ಒಂದೇ ದಿನ ಬಾಕಿ ಇತ್ತು.

ಎರಡನೇ ವಾರದ ತರಗತಿಗೆ ರಾತ್ರಿ ವರದಿಯ ಪ್ಲಾನ್ ಒಯ್ದೆ. ಮೇಷ್ಟ್ರು ಎರಡು ಸಂಖ್ಯೆ ತೋರಿಸಿದರು. ಡೇಟಾಬೇಸ್ ಒಂದು ಟೇಬಲ್‌ನಿಂದ 200 ಸಾಲು ಬರುತ್ತವೆ ಎಂದು ಅಂದಾಜು ಮಾಡಿತ್ತು, ಬಂದದ್ದು 4 ಲಕ್ಷ. ಆ ತಪ್ಪು ಅಂದಾಜಿನ ಮೇಲೆಯೇ ಅದು ನಿಧಾನದ ದಾರಿ ಹಿಡಿದಿತ್ತು. ರಾತ್ರಿ ಹೊಸ ಡೇಟಾ ತುಂಬಿದ ಕೂಡಲೇ ವರದಿ ಶುರುವಾಗುತ್ತಿತ್ತು, ಅಂಕಿಅಂಶ ಮಾತ್ರ ಹಳೆಯದೇ ಇರುತ್ತಿತ್ತು. ಮಧ್ಯದಲ್ಲಿ ಆ ಟೇಬಲ್‌ನ ಅಂಕಿಅಂಶ ಹೊಸದು ಮಾಡುವ `ANALYZE` ಎಂಬ ಒಂದು ಸಾಲು ಸೇರಿಸಿದೆ. 38 ನಿಮಿಷ 9ಕ್ಕೆ ಇಳಿಯಿತು.

ಆ ಒಂದು ಸಾಲು ಫ್ರೀ ದಾಖಲೆಯಲ್ಲೂ ಇದೆ ಎಂದು ಮೇಡಂಗೆ ನಾನೇ ಹೇಳಿದೆ. "ಎಲ್ಲಿ ಹಾಕಬೇಕು ಅಂತ ತಿಳ್ಕೊಳ್ಳೋಕೆ ಫೀಸ್ ಕಟ್ಟಿದ್ವಿ ಅನ್ನಿ" ಎಂದು ನಕ್ಕರು. ಲೂಪ್ ಒಳಗೆ ಕ್ವೆರಿ ಓಡಿಸುವ ಆ ಎರಡು ಟಿಕೆಟ್‌ಗಳು ಮಾತ್ರ ಇನ್ನೂ ನನ್ನ ಹೆಸರಲ್ಲೇ ಇವೆ.