ಹಳೆ ತಟ್ಟೆಯ ಕರಕರ ಸದ್ದು ನನ್ನ ಸ್ನೇರ್ ಕೆಡಿಸಿದ ಬಗೆ

ತಮ್ಮ ರಾತ್ರಿ ಓದುವಾಗ ಹಾಕಿಕೊಳ್ಳಲಿ ಅಂತ ಹಳೆ ರೆಕಾರ್ಡಿನಂತೆ ಮಸುಕು ದನಿಯ ಒಂದು ಲೋಫೈ ಬೀಟ್ ಮಾಡಲು ಕೂತೆ. ವೇಗ ನಿಮಿಷಕ್ಕೆ 76 ಬೀಟ್.

ಮೊದಲು ಕೀಸ್. ರೋಡ್ಸ್ ಪಿಯಾನೋ ದನಿ ಇಟ್ಟುಕೊಂಡು ಎಫ್, ಎ, ಸಿ, ಇ ಒತ್ತಿದೆ. ಬೇಸ್ ಕೆಳಗೆ ಡಿ ನುಡಿಸಿದರೆ ಅದು ಡಿ ಮೈನರ್ 9. ಮುಂದಿನ ಬಾರ್‌ನಲ್ಲಿ, ಅಂದರೆ ಮುಂದಿನ ನಾಲ್ಕು ಬೀಟ್‌ಗೆ, ಸಿ ಬೆರಳನ್ನು ಮಾತ್ರ ಬಿ ಮೇಲೆ ಇಳಿಸಿದೆ, ಬೇಸ್ ಜಿಗೆ ಹೋಯಿತು. ಅದೇ ಜಿ 13. ಕೊನೆಯ ಎರಡು ಬಾರ್ ಸಿ ಮೇಜರ್ 9. ಕೈ ಇಷ್ಟು ಕಡಿಮೆ ಓಡಾಡಿದರೆ ಓದುವವರ ಕಿವಿ ಆ ಕಡೆ ತಿರುಗುವುದಿಲ್ಲ. ಮೂರು ಸಾವಿರ ಹರ್ಟ್ಸ್‌ ಮೇಲಿನದನ್ನು ಫಿಲ್ಟರ್‌ನಲ್ಲಿ ಇಳಿಸಿದ ಮೇಲೆ ದನಿ ಕಂಬಳಿ ಹೊದ್ದಂತಾಯಿತು.

ಡ್ರಮ್ಸ್‌ಗೆ ಧೂಳು ಹಿಡಿಸಲು ಹಳೆ ಸ್ಯಾಂಪ್ಲರ್‌ಗಳ ದಾರಿಯನ್ನೇ ಹಿಡಿದೆ. 1987ರ ಎಸ್‌ಪಿ-1200 ಯಂತ್ರ 12 ಬಿಟ್‌ನಲ್ಲಿ, ಸುಮಾರು 26 ಕಿಲೋಹರ್ಟ್ಸ್‌ನಲ್ಲಿ ಸದ್ದು ಹಿಡಿಯುತ್ತಿತ್ತು. ಸದ್ದನ್ನು ಒರಟಾಗಿಸುವ ಬಿಟ್‌ಕ್ರಷರ್‌ನಲ್ಲಿ ಅದೇ ಲೆಕ್ಕ ಇಟ್ಟೆ. ಹೈ-ಹ್ಯಾಟ್‌ನ ಹೊಳಪು ಹೋಗಿ ಮರಳು ಉಜ್ಜಿದಂತಾಯಿತು. ಸ್ನೇರ್ ಡ್ರಮ್ಮಿನ ಏಟನ್ನು ತಾಳಕ್ಕಿಂತ 18 ಮಿಲಿಸೆಕೆಂಡ್ ತಡವಾಗಿ ಬೀಳಿಸಿದೆ. 40ಕ್ಕೆ ಒಯ್ದು ನೋಡಿದಾಗ, ಬಾರಿಸಿದವನಿಗೆ ನಿದ್ದೆ ಬಂದಿತ್ತೇನೋ ಅನ್ನಿಸಿತು.

ಇಲ್ಲಿವರೆಗೆ ಸರಿಯಿತ್ತು. ಕೆಟ್ಟಿದ್ದು ಕರಕರ ಸದ್ದು ಸೇರಿಸಿದ ಮೇಲೆ. ಮಾವನ ಮನೆಯ ಎಲ್‌ಪಿ ತಟ್ಟೆಯಲ್ಲಿ ಹಾಡು ಮುಗಿದು ಮುಳ್ಳು ಕೊನೆಯ ಗೆರೆಯಲ್ಲೇ ಸುತ್ತುತ್ತದಲ್ಲ, ಅದನ್ನು ರೆಕಾರ್ಡ್ ಮಾಡಿದ್ದೆ. ಬೀಟ್ ಜೊತೆ ಹಾಕಿದರೆ ಸ್ನೇರ್ ಒಮ್ಮೆ ಸರಿ, ಒಮ್ಮೆ ಜೋಡಿ ಏಟು! ಅರ್ಧ ದಿನ ಸುಮ್ನೆ ಡ್ರಮ್ಸನ್ನೇ ತಿದ್ದುತ್ತಾ ಕೂತೆ. ಕೊನೆಗೆ ಕರಕರವನ್ನು ಮಾತ್ರ ಕೇಳಿದಾಗ ಗೊತ್ತಾಯಿತು: ಒಂದು ‘ಟಕ್’ ಸರಿಯಾಗಿ 1.8 ಸೆಕೆಂಡಿಗೊಮ್ಮೆ ಬರುತ್ತಿತ್ತು. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಒಂದು ಸುತ್ತಿಗೆ 1.8 ಸೆಕೆಂಡ್. ನನ್ನ ಸ್ನೇರ್ ಬರುವುದು ಎರಡು ಬೀಟ್‌ಗೊಮ್ಮೆ, ಅಂದರೆ 1.58 ಸೆಕೆಂಡಿಗೊಮ್ಮೆ. ಎರಡೂ ಜಾರುತ್ತಾ ಆಗಾಗ ಒಂದರ ಪಕ್ಕ ಇನ್ನೊಂದು ಬೀಳುತ್ತಿದ್ದವು.

ವೇಗವನ್ನು 66.67ಕ್ಕೆ ಇಳಿಸಿದರೆ ಪ್ರತಿ ಎರಡು ಬೀಟ್‌ಗೆ ಒಂದು ಟಕ್ ಕೂತುಬಿಡುತ್ತದೆ. ಮಾಡಿ ನೋಡಿದೆ. ಜಾಣತನವೇನೋ ಸರಿ, ಆದರೆ ಕೀಸ್ ತೂಕಡಿಸಿತು. 76ಕ್ಕೇ ಮರಳಿ, ದೊಡ್ಡ ಟಕ್‌ಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ, ತುದಿಗಳನ್ನು ನಯವಾಗಿ ಬೆಸೆದೆ. ಉಳಿದದ್ದು 40 ಸೆಕೆಂಡಿನ ಸಣ್ಣ ಚಿಟಿಚಿಟಿ. ನಾಲ್ಕು ಬಾರ್ ಅಂದರೆ 12.6 ಸೆಕೆಂಡ್. 40 ಅದಕ್ಕೆ ಸರಿಯಾಗಿ ಭಾಗವಾಗುವುದಿಲ್ಲ, ಹಾಗಾಗಿ ಅದೇ ಚಿಟಿ ಅದೇ ಜಾಗಕ್ಕೆ ಮರಳುವುದಿಲ್ಲ.

ಜೋರು ಸದ್ದನ್ನು ತಗ್ಗಿಸುವ ಡ್ರಮ್ಸ್‌ನ ಕಂಪ್ರೆಸರ್‌ನಿಂದಲೂ ಕರಕರವನ್ನು ಹೊರಗೆ ತಂದೆ. ಒಳಗಿದ್ದಾಗ ಪ್ರತಿ ಕಿಕ್ ಡ್ರಮ್ ಏಟಿಗೂ ಅದು ಕುಗ್ಗಿ ಉಬ್ಬಿ ಏದುಸಿರು ಬಿಡುತ್ತಿತ್ತು. ಕೆಲವರಿಗೆ ಅದೇ ಇಷ್ಟ. ಓದುವ ಹೊತ್ತಿಗೆ ನನಗೆ ಬೇಡ ಅನ್ನಿಸಿತು.

ಒಟ್ಟು 48 ಬಾರ್, ಎರಡೂವರೆ ನಿಮಿಷ. ಪ್ರತಿ ಎಂಟನೇ ಬಾರ್‌ನಲ್ಲಿ ಡ್ರಮ್ಸ್ ನಿಲ್ಲುತ್ತದೆ. ಕರಕರ ಕೇಳುವುದು ಅಲ್ಲಿ ಮಾತ್ರ.