ಭಂತೇಜಿಗಳು ಮನೆಗೆ ಊಟಕ್ಕೆ ಬಂದಾಗ

ವಿಜಯಪುರದ ಕಡೆ ಮನೆಗೆ ಬಂದ ಹಿರಿಯರಿಗೆ ಒತ್ತಾಯ ಮಾಡಿ ಬಡಿಸುತ್ತೇವೆ, ಹೊತ್ತು ನೋಡದೆ ಹಾಲಿನ ಚಹಾ ಕೊಡುತ್ತೇವೆ, ದಾರಿಗೆ ಬುತ್ತಿ ಕಟ್ಟುತ್ತೇವೆ, ಹೊರಡುವಾಗ ಎಲೆ ಅಡಿಕೆಯಲ್ಲಿ ಕಾಣಿಕೆ ಇಡುತ್ತೇವೆ. ಬಂದವರು ಭಂತೇಜಿಗಳು, ಅಂದರೆ ಬೌದ್ಧ ಭಿಕ್ಷುಗಳಾದರೆ ಇವುಗಳಲ್ಲಿ ಒಂದೊಂದೂ ಅವರ ಒಂದೊಂದು ನಿಯಮಕ್ಕೆ ಅಡ್ಡ ಬರುತ್ತದೆ. ಭೋಜನದಾನವನ್ನು ನಾವು ಮಾಡಿಕೊಂಡು ಬಂದಿರುವ ರೀತಿ ಮತ್ತು ಅದರ ಹಿಂದಿನ ಕಾರಣ ಇಲ್ಲಿದೆ. ಇದು 227 ನಿಯಮ ಪಾಲಿಸುವ ಥೇರವಾದ ಭಿಕ್ಷುಗಳಿಗೆ ಸಂಬಂಧಿಸಿದ್ದು. ಮುಂಡಗೋಡದ ಟಿಬೆಟಿಯನ್ ಭಿಕ್ಷುಗಳದು 253 ನಿಯಮಗಳ ಬೇರೆ ಪರಂಪರೆ, ಅವರ ರೂಢಿಗಳೂ ಬೇರೆ.

ಭಿಕ್ಷುವಿನ ಪ್ರತಿಜ್ಞೆ ದೇವರಿಗೆ ಹೊತ್ತ ಹರಕೆಯಲ್ಲ. ಅದನ್ನು ಸಂಘದ ಮುಂದೆ ತೆಗೆದುಕೊಳ್ಳುತ್ತಾರೆ, ಬಿಡಬೇಕೆನಿಸಿದರೆ ಬಾಯಿಬಿಟ್ಟು ಹೇಳಿ ಭಿಕ್ಷುವಿನ ಬಟ್ಟೆಯಾದ ಚೀವರ ಕಳಚಬಹುದು. ದುಡಿಮೆ, ಅಡುಗೆ, ಉಳಿತಾಯದ ಯೋಚನೆಯನ್ನೆಲ್ಲ ಕೈಬಿಟ್ಟು, ಆ ಹೊತ್ತನ್ನು ಮನಸ್ಸನ್ನು ಪಳಗಿಸಲು ಕೊಡುವುದು ಅದರ ಉದ್ದೇಶ. ನಿಯಮಗಳೂ ಒಂದೇ ಸಲಕ್ಕೆ ಬಂದವಲ್ಲ. ಮೊದಲೇ ನಿಯಮ ಮಾಡಿಬಿಡಿ ಎಂದು ಶಿಷ್ಯ ಸಾರಿಪುತ್ತ ಕೇಳಿಕೊಂಡಾಗ ಬುದ್ಧ ಒಪ್ಪಲಿಲ್ಲ, ದೋಷ ಕಾಣಿಸಿಕೊಂಡ ಮೇಲೆ ನೋಡೋಣ ಎಂದ ಎಂದು ಸಂಘದ ನಿಯಮಗಳ ಗ್ರಂಥವಾದ ವಿನಯಪಿಟಕ ಹೇಳುತ್ತದೆ. ಹಾಗಾಗಿ ಪ್ರತಿ ನಿಯಮದ ಹಿಂದೆ ಒಂದು ಘಟನೆ ಇದೆ. ಹಲವು ಘಟನೆಗಳಲ್ಲಿ ದೂರು ತಂದವರು ನಮ್ಮಂಥ ಗೃಹಸ್ಥರೇ.

ಊಟದ ನಿಯಮಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವುಗಳ ಜಾಣತನ ಕಾಣುತ್ತದೆ. ಭಿಕ್ಷು ತನಗಾಗಿ ಅಡುಗೆ ಮಾಡುವಂತಿಲ್ಲ, ನಾಳೆಗೆ ಎತ್ತಿಡುವಂತಿಲ್ಲ, ದುಡ್ಡು ಮುಟ್ಟುವಂತಿಲ್ಲ, ಗಿಡದಿಂದ ಹಣ್ಣು ಕೀಳುವಂತಿಲ್ಲ, ಯಾರೂ ಕೊಡದ ಆಹಾರವನ್ನು ಬಾಯಿಗೆ ಹಾಕುವಂತಿಲ್ಲ. ನೀರು ಮತ್ತು ಹಲ್ಲುಜ್ಜುವ ಕಡ್ಡಿಗೆ ಮಾತ್ರ ವಿನಾಯಿತಿ. ಅಂದರೆ ಇನ್ನೊಬ್ಬರ ಕೈ ಇಲ್ಲದೆ ಅವರ ಒಂದು ದಿನವೂ ಕಳೆಯದು. ಅರ್ಧ ನಿಯಮ ಅವರು ಪಾಲಿಸುತ್ತಾರೆ, ಉಳಿದರ್ಧಕ್ಕೆ ನಮ್ಮ ಕೈ ಬೇಕು.

ಕರೆಯುವಾಗಲೇ ಮೊದಲ ತಪ್ಪು ಆಗುತ್ತದೆ. "ನಾಳೆ ನಮ್ಮನ್ಯಾಗ ಅನ್ನ ಸಾರಿನ ಊಟಕ್ಕ ಬರ್ರಿ ಭಂತೇಜಿ" ಎನ್ನಬಾರದು. ಅನ್ನದಂಥ ಮುಖ್ಯ ಆಹಾರದ ಹೆಸರು ಹಿಡಿದು ಕರೆದ ಊಟವನ್ನು ನಾಲ್ಕು ಅಥವಾ ಹೆಚ್ಚು ಭಿಕ್ಷುಗಳು ಒಟ್ಟಾಗಿ ಸ್ವೀಕರಿಸಿದರೆ ಗಣಭೋಜನದ ದೋಷ ಬರುತ್ತದೆ. ಬುದ್ಧನಿಗೆ ಎದುರು ನಿಂತ ಭಿಕ್ಷು ದೇವದತ್ತ ತನ್ನ ಗುಂಪು ಕಟ್ಟಿಕೊಂಡು ಮನೆಮನೆಗೆ ಹೋಗಿ ಊಟ ಕೇಳುತ್ತಿದ್ದಾಗ ಬಂದ ನಿಯಮ ಇದು. "ನಾಳೆ ನಮ್ಮ ಮನೆಯಲ್ಲಿ ಭಿಕ್ಷೆ ಸ್ವೀಕರಿಸಬೇಕು" ಎಂದರೆ ಸಾಕು. ಸಸ್ಯಾಹಾರವೋ ಅಲ್ಲವೋ ಎಂಬುದನ್ನು ಜೊತೆಗಿರುವ ಉಪಾಸಕರ ಹತ್ತಿರ ಕೇಳಿಕೊಳ್ಳಿ. ಮಾಂಸ ನಿಷಿದ್ಧವಲ್ಲ. ಆದರೆ ತನಗಾಗಿ ಕೊಂದದ್ದೆಂದು ಭಿಕ್ಷು ಕಂಡಿದ್ದರೆ, ಕೇಳಿದ್ದರೆ ಅಥವಾ ಅವರಿಗೆ ಅನುಮಾನ ಬಂದರೆ ಮುಟ್ಟುವಂತಿಲ್ಲ. ಅವರು ಬರುತ್ತಾರೆಂದು ಕೋಳಿ ಕೊಯ್ಯಿಸಿದರೆ ಆ ಅಡುಗೆ ಅವರ ಪಾಲಿಗೆ ವ್ಯರ್ಥ.

ಇನ್ನು ಹೊತ್ತು. ನಸುಕು ಹರಿದ ಮೇಲಿಂದ ನಡುಹಗಲಿನವರೆಗೆ ಮಾತ್ರ ಊಟ. ನಡುಹಗಲು ಎಂದರೆ ಸೂರ್ಯ ನೆತ್ತಿಗೆ ಬರುವ ಹೊತ್ತು, ಗಡಿಯಾರದ ಹನ್ನೆರಡಲ್ಲ. ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ರೇಖಾಂಶದ್ದು, ವಿಜಯಪುರ ಮತ್ತು ಬಾಗಲಕೋಟೆ ಇರುವುದು ಸುಮಾರು 75.7 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ಇಲ್ಲಿ ಸೂರ್ಯ ಸುಮಾರು 27 ನಿಮಿಷ ತಡ. ಅದಕ್ಕೆ ಋತುವಿನ ಏರಿಳಿತ ಸೇರಿಸಿದರೆ ನವೆಂಬರ್ ಆರಂಭದಲ್ಲಿ ನಡುಹಗಲು 12:11ರ ಹೊತ್ತಿಗೆ, ಫೆಬ್ರವರಿ ಮಧ್ಯದಲ್ಲಿ 12:41ರ ಹೊತ್ತಿಗೆ ಬರುತ್ತದೆ. ಬೆಳಗಾವಿಯಲ್ಲಿ ಇನ್ನೂ ಐದು ನಿಮಿಷ ಆಚೆ. ಆದರೂ ಈ ಲೆಕ್ಕವನ್ನು ಆಪತ್ತಿಗೆ ಇಟ್ಟುಕೊಳ್ಳಿ. ಎಷ್ಟೋ ಭಂತೇಜಿಗಳು ಹನ್ನೆರಡಕ್ಕೇ ಕೈ ತೊಳೆಯುತ್ತಾರೆ.

ಮೂವರು ಭಿಕ್ಷುಗಳು ಬರುವ ದಿನದ ಹೊಂದಿಕೆ ಹೀಗಿರುತ್ತದೆ. ಹತ್ತಕ್ಕೆ ಅವರು ಬಂದು ಕೂಡುತ್ತಾರೆ. ಹತ್ತೂಕಾಲಿಗೆ ತ್ರಿಶರಣ, ಪಂಚಶೀಲ. 10:40ಕ್ಕೆ ಅರ್ಪಣೆ, ಹನ್ನೊಂದೂವರೆಗೆ ಊಟ ಮುಗಿಯಬೇಕು. ಪ್ರವಚನ ಊಟದ ನಂತರ. ಬೀಗರು ಬರಲಿ ಎಂದು ಕಾಯುತ್ತ ಪ್ರವಚನವನ್ನು ಮೊದಲು ಇಟ್ಟುಕೊಂಡ ಮನೆಗಳಲ್ಲೇ ಹನ್ನೆರಡರ ಗಡಿಬಿಡಿ ಆಗುವುದು.

ಅರ್ಪಣೆ ಎಂದರೆ ಟೇಬಲ್ ಮೇಲೆ ಇಟ್ಟು "ತಗೋರಿ" ಎನ್ನುವುದಲ್ಲ. ಕೊಡುವವರು ಸುಮಾರು ಎರಡೂವರೆ ಮೊಳದೊಳಗೆ ಇರಬೇಕು, ಪಾತ್ರೆ ಒಬ್ಬರು ಎತ್ತುವಷ್ಟು ಭಾರದ್ದಾಗಿರಬೇಕು, ಎತ್ತಿ ಅವರ ಕೈಗೆ, ಪಾತ್ರೆಗೆ ಅಥವಾ ಅವರು ಹಿಡಿದ ಬಟ್ಟೆಯ ಮೇಲೆ ಕೊಡಬೇಕು. ದೊಡ್ಡ ಬೋಗುಣಿ ತುಂಬ ಅನ್ನ ತಂದರೆ ಎತ್ತಲಾಗುವುದಿಲ್ಲ, ಸಣ್ಣ ಡಬರಿಗಳಲ್ಲಿ ಹಂಚಿಕೊಳ್ಳಿ. ಹೆಣ್ಣುಮಕ್ಕಳೂ ಕೊಡಬಹುದು. ಥಾಯ್ ಪದ್ಧತಿಯ ಭಿಕ್ಷುಗಳು ಅವರಿಂದ ಸ್ವೀಕರಿಸುವಾಗ ಮುಂದೆ ಬಟ್ಟೆ ಹಾಸುತ್ತಾರೆ, ಅದರ ಮೇಲೆ ಇಟ್ಟರೆ ಕೊಟ್ಟಂತೆಯೇ. ಆಮೇಲೆ ಆ ಪಾತ್ರೆಯನ್ನು ನಾವು ಎತ್ತಿ ಸರಿಸಿದರೆ ಮತ್ತೆ ಅರ್ಪಿಸಬೇಕು. ಸಣ್ಣ ಮಕ್ಕಳು ಓಡಿ ಬಂದು ಬಾಳೆಹಣ್ಣಿನ ಬುಟ್ಟಿ ಎಳೆಯುತ್ತಾರೆ, ಆಗ ಬುಟ್ಟಿಯನ್ನು ಇನ್ನೊಮ್ಮೆ ಎರಡೂ ಕೈಯಿಂದ ಕೊಟ್ಟರಾಯಿತು.

ನಮ್ಮ ಕಡೆಯ ಊಟದಲ್ಲಿ ಇನ್ನೊಂದು ತೊಡಕು ರೊಟ್ಟಿಯ ಪಕ್ಕದ ಹಸಿ ತರಕಾರಿ. ಉಳ್ಳಾಗಡ್ಡಿ, ಮೂಲಂಗಿ, ಸವತಿಕಾಯಿ, ಜೊತೆಗೆ ಪೇರಲ, ದಾಳಿಂಬೆ, ಬೀಜದ ದ್ರಾಕ್ಷಿ. ಮತ್ತೆ ಚಿಗುರಬಲ್ಲ ಬೇರು, ಗೆಣ್ಣು, ಬೀಜಗಳನ್ನು ಕೆಡಿಸುವುದು ಭಿಕ್ಷುವಿಗೆ ನಿಷಿದ್ಧ. ಅದಕ್ಕೇ ಅವನ್ನು ಕಪ್ಪಿಯ ಮಾಡಿಕೊಡಬೇಕು, ಅಂದರೆ ಭಿಕ್ಷು ತಿನ್ನಲು ಯೋಗ್ಯವಾಗಿಸಬೇಕು. ತಟ್ಟೆಯನ್ನು ಮುಂದೆ ತಂದಾಗ ಅವರು "ಕಪ್ಪಿಯಂ ಕರೋಹಿ" ಎನ್ನುತ್ತಾರೆ. ನಾವು ಚಾಕುವಿನಿಂದ ಒಂದಕ್ಕೆ ಗೀರು ಹಾಕುತ್ತ "ಕಪ್ಪಿಯಂ ಭಂತೇ" ಎನ್ನಬೇಕು, ಆಮೇಲೆ ತಟ್ಟೆಯನ್ನು ಅರ್ಪಿಸಬೇಕು. ಹಣ್ಣುಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಒಂದಕ್ಕೆ ಮಾಡಿದ್ದು ಎಲ್ಲಕ್ಕೂ ಸಲ್ಲುತ್ತದೆ. ಬೇಯಿಸಿದ ಪಲ್ಯಕ್ಕೆ, ಬೀಜ ತೆಗೆದ ಹಣ್ಣಿಗೆ ಇದು ಬೇಕಿಲ್ಲ.

ಇನ್ನು ನಮ್ಮ ಒತ್ತಾಯ. "ಇನ್ನೊಂದ್ ರೊಟ್ಟಿ ಹಾಕ್ಕೊಳ್ರಿ" ಎಂದು ಪಕ್ಕದಲ್ಲಿ ನಿಂತು ಮುಂದೆ ಹಿಡಿದಾಗ ಭಿಕ್ಷು ಕೈ ಅಡ್ಡ ಮಾಡಿದರೆ, ಆ ನಿರಾಕರಣೆ ವಿನಯಪಿಟಕದ ನಿಯಮದಲ್ಲಿ ಲೆಕ್ಕಕ್ಕೆ ಬರುತ್ತದೆ. ಒಮ್ಮೆ ಬೇಡವೆಂದು ಆ ಜಾಗದಿಂದ ಎದ್ದರೆ ಅಂದು ಮತ್ತೆ ಊಟಕ್ಕೆ ಕೂಡುವಂತಿಲ್ಲ. ಹೊಟ್ಟೆ ತುಂಬಿದೆಯೆಂದು ಹೇಳಿ ಪಕ್ಕದ ಮನೆಯಲ್ಲಿ ಉಂಡ ಭಿಕ್ಷುಗಳ ಬಗ್ಗೆ ದಾನಿಯೊಬ್ಬ ಬೇಸರಪಟ್ಟಾಗ ಬಂದ ನಿಯಮ ಇದು. ಅದಕ್ಕೆ ನಾವು ಬಡಿಸುತ್ತ ಹೋಗುವುದಿಲ್ಲ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಅನ್ನ, ಹೋಳಿಗೆ, ಮೊಸರು ಎಲ್ಲವನ್ನೂ ಮೊದಲೇ ಒಟ್ಟಿಗೆ ಅರ್ಪಿಸಿ, ಬೇಕಾದಷ್ಟು ಪಾತ್ರೆಗೆ ತೆಗೆದುಕೊಳ್ಳಲು ಬಿಟ್ಟು ದೂರ ಕೂಡುತ್ತೇವೆ. ಮೂವರಿಗೆ ಎಂಟು ರೊಟ್ಟಿ ಸಾಕು, ಅರ್ಧದಷ್ಟು ಉಳಿಯುತ್ತವೆ. ಸಿಹಿಯನ್ನು ಕೊನೆಗೆ ತರುವ ರೂಢಿ ಇಲ್ಲಿ ನಡೆಯುವುದಿಲ್ಲ.

ಮಧ್ಯಾಹ್ನದ ನಂತರದ ಚಹಾ ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಹಾಲು, ಮೊಸರು ಆಹಾರದ ಲೆಕ್ಕ. ಆದ್ದರಿಂದ ಮಜ್ಜಿಗೆಯೂ ಇಲ್ಲ, ಅಂಬಲಿಯಂತೂ ಇಲ್ಲವೇ ಇಲ್ಲ. ಹಾಲಿಲ್ಲದ ಕರಿ ಚಹಾ ಆದೀತು. ಸೋಸಿದ, ಬೆಂಕಿಯ ಮೇಲಿಡದ ಹಣ್ಣಿನ ರಸ ಮರುದಿನ ನಸುಕಿನವರೆಗೆ ನಡೆಯುತ್ತದೆ. ಇಂಡಿ ಕಡೆಯ ನಿಂಬೆಯ ಶರಬತ್ತು, ದ್ರಾಕ್ಷಿ ರಸ, ಕಬ್ಬಿನ ಹಾಲು ಎಲ್ಲ ಇದರಲ್ಲಿ ಬಂದವು. ಕಬ್ಬಿನ ಹಾಲು ಹೆಸರಿಗಷ್ಟೇ ಹಾಲು. ಬಟ್ಟೆಯಲ್ಲಿ ಸೋಸಿ ತಿರುಳು ತೆಗೆಯಬೇಕು, ಮಿಕ್ಸರ್‌ನಲ್ಲಿ ತಿರುವಿ ಹಾಗೇ ಕೊಟ್ಟರೆ ಅದು ಹಣ್ಣು ತಿಂದಂತೆ.

ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಇವು ಏಳು ದಿನದ ಔಷಧಿಗಳು. ಸೋಮವಾರ ಅರ್ಪಿಸಿದ ಬೆಲ್ಲವನ್ನು ಭಾನುವಾರದವರೆಗೆ ಇಟ್ಟುಕೊಳ್ಳಬಹುದು, ಮುಂದಿನ ಸೋಮವಾರದ ನಸುಕಿಗೆ ಅದು ಅವರ ಬಳಿ ಇರಬಾರದು. ರೋಗಿಗೆ ಬೆಲ್ಲ, ಆರೋಗ್ಯವಂತರಿಗೆ ಬೆಲ್ಲದ ನೀರು ಎಂದು ವಿನಯಪಿಟಕದ ಮಹಾವಗ್ಗದಲ್ಲಿ ಅನುಮತಿ ಇದೆ. ಬಿಸಿಲಲ್ಲಿ ಬಂದವರಿಗೆ ಬೆಲ್ಲ ನೀರು ಕೊಡುವ ನಮ್ಮ ಪದ್ಧತಿ ಇದೊಂದು ಕಡೆ ಸರಿಯಾಗಿ ಹೊಂದಿಕೊಳ್ಳುತ್ತದೆ. ಆಲೆಮನೆಯಲ್ಲಿ ಬೆಲ್ಲಕ್ಕೆ ಹಿಟ್ಟು ಬೆರೆಸುವುದನ್ನು ನೋಡಿ ರೇವತ ಎಂಬ ಭಿಕ್ಷು, ಇದು ಆಹಾರವಾಯಿತಲ್ಲ ಎಂದು ತಿನ್ನುವುದನ್ನೇ ಬಿಟ್ಟಿದ್ದ. ಗಟ್ಟಿಯಾಗಲೆಂದು ಹಿಟ್ಟು ಬೆರೆಸಿದರೂ ಅದು ಬೆಲ್ಲವೇ ಆಗಿ ಉಳಿಯುತ್ತದೆ ಎಂದು ಬುದ್ಧ ಹೇಳಿದ. ಮಹಾಲಿಂಗಪುರದ ಪೇಟೆಯಿಂದ ತಂದ ಬೆಲ್ಲದ ಬಗ್ಗೆಯೂ ಅಷ್ಟೊಂದು ಅನುಮಾನ ಬೇಡ. ಆದರೆ ಅದೇ ಬೆಲ್ಲ ಶೇಂಗಾ ಉಂಡಿಯೊಳಗೆ ಸೇರಿದರೆ ಏಳು ದಿನ ಹೋಗಿ ನಡುಹಗಲಿನ ಮಿತಿ ಬರುತ್ತದೆ. ಬೆರಕೆಗೆ ಯಾವಾಗಲೂ ಕಡಿಮೆ ಅವಧಿಯ ವಸ್ತುವಿನ ಲೆಕ್ಕ.

ಬುತ್ತಿಯನ್ನೂ ಹಾಗೇ ನೋಡಬೇಕು. ಕಡಕ್ ರೊಟ್ಟಿ, ಚಟ್ನಿಪುಡಿ ಕಟ್ಟಿ ಭಂತೇಜಿಯ ಕೈಗೆ ಕೊಟ್ಟರೆ ಮರುದಿನಕ್ಕೆ ಅದು ಕೂಡಿಟ್ಟ ಆಹಾರ, ತಿಂದರೆ ದೋಷ. ಜೊತೆಗೆ ಬಂದ ಉಪಾಸಕರಿಗೋ ಡ್ರೈವರ್‌ಗೋ ಅವರ ಬುತ್ತಿಯೆಂದೇ ಕೊಡಿ. ಮರುದಿನ ಬೆಳಿಗ್ಗೆ ತಾವಾಗಿ ಅರ್ಪಿಸುವುದು ಅವರಿಗೆ ಬಿಟ್ಟದ್ದು. ಇಂಥ ದೋಷವಾದರೆ ಭಿಕ್ಷು ಇನ್ನೊಬ್ಬ ಭಿಕ್ಷುವಿನ ಮುಂದೆ ಒಪ್ಪಿಕೊಂಡು ಶುದ್ಧನಾಗುತ್ತಾನೆ. ನಮಗೆ ದೋಷವಿಲ್ಲ, ಆದರೆ ನಮ್ಮಿಂದ ಅವರಿಗೆ ಆ ಕೆಲಸ ಬಂತು.

ಕಾಣಿಕೆಯದೇ ಕಷ್ಟ. ಮಠಗಳಲ್ಲಿ ಪಾದಕಾಣಿಕೆ ಇಡುವುದು ನಮ್ಮ ಜಿಲ್ಲೆಗಳಲ್ಲಿ ಕೈಗೆ ಬಂದ ರೂಢಿ, 101 ರೂಪಾಯಿ ಇಡದಿದ್ದರೆ ಹಿರಿಯರಿಗೆ ಸಮಾಧಾನವಿಲ್ಲ. ಇಂದು ದುಡ್ಡು ತೆಗೆದುಕೊಳ್ಳುವ ಭಿಕ್ಷುಗಳೂ ಇದ್ದಾರೆ ಎಂಬುದು ನಿಜ, ಆದರೆ ಅವರು ತೆಗೆದುಕೊಳ್ಳುತ್ತಾರೆಂದು ನಾವು ಕೊಡಬೇಕಿಲ್ಲ. ಬಂದ ಕಾಣಿಕೆಯನ್ನೆಲ್ಲ ಒಂದು ಡಬ್ಬಿಗೆ ಹಾಕಿಸಿ, ಭಿಕ್ಷುವಿಗೆ ಬೇಕಾದ್ದನ್ನು ಒದಗಿಸುವ ಕಪ್ಪಿಯಕಾರಕನಾಗಲು ಒಪ್ಪಿಕೊಂಡ ಒಬ್ಬ ಗೃಹಸ್ಥನ ಕೈಗೆ ಕೊಡುತ್ತೇವೆ. ಭಂತೇಜಿಗೆ ಹೇಳುವ ಮಾತು ಇಷ್ಟು: "2000 ರೂಪಾಯಿ ಬೆಲೆಯ ಅನುಕೂಲ ಇವರ ಹತ್ತಿರ ಇದೆ. ಚೀವರ, ಔಷಧಿ, ಪ್ರಯಾಣಕ್ಕೆ ಬೇಕಾದಾಗ ಇವರಿಗೆ ಹೇಳಿ." ದುಡ್ಡು ನಿಮ್ಮದು ಎಂದರೆ ಕೆಟ್ಟಿತು, ಬೆಲೆಯ ಅನುಕೂಲ ಎನ್ನಬೇಕು.

ಆ ಗೃಹಸ್ಥ ಮರೆತರೆ? ಚೀವರಕ್ಕೆಂದು ಕೊಟ್ಟ ನಿಧಿಯ ವಿಷಯದಲ್ಲಿ ವಿನಯಪಿಟಕ ಇದಕ್ಕೂ ಮಿತಿ ಹಾಕಿದೆ. ಭಿಕ್ಷು ಮೂರು ಸಲ ಬಾಯಿಬಿಟ್ಟು ನೆನಪಿಸಬಹುದು. ಆಮೇಲೆ ಆರು ಸಲದವರೆಗೆ ಅವನ ಮುಂದೆ ಹೋಗಿ ಸುಮ್ಮನೆ ನಿಲ್ಲಬಹುದು. ಅಷ್ಟಕ್ಕೂ ಆಗದಿದ್ದರೆ, ನಿಮ್ಮ ದಾನ ನನಗೆ ಒದಗಲಿಲ್ಲ, ನಿಮ್ಮದನ್ನು ನೀವು ವಾಪಸ್ ಪಡೆಯಿರಿ ಎಂದು ದಾನಿಗೆ ತಿಳಿಸಬೇಕು. ಹಾಗೆ ತಿಳಿಸಲು ದಾನಿ ಯಾರೆಂದು ಗೊತ್ತಿರಬೇಕಲ್ಲ. ಅದಕ್ಕೆ ಡಬ್ಬಿ ಒಪ್ಪಿಸುವಾಗ ಕೊಟ್ಟವರ ಹೆಸರು, ಮೊತ್ತ, ಫೋನ್ ನಂಬರ್ ಬರೆದ ಚೀಟಿಯನ್ನು ಭಂತೇಜಿಯ ಜೋಳಿಗೆಯಲ್ಲಿ ಒಂದು, ಕಪ್ಪಿಯಕಾರಕನ ಹತ್ತಿರ ಒಂದು ಇಟ್ಟಿರುತ್ತೇವೆ.