6205 ಕೇಳಿದರೆ 6206 ತೋರಿಸಿದ ಬಾಟ್

ಗಂಗಾವತಿಯಲ್ಲಿ ನಮ್ಮ ಮಾವನ ಸ್ಪೇರ್‌ಪಾರ್ಟ್ಸ್ ಅಂಗಡಿ ಇದೆ. ಸುತ್ತಲಿನ ರೈಸ್ ಮಿಲ್ಲುಗಳಿಗೆ ಬೇರಿಂಗ್, ಬೆಲ್ಟ್, ಆಯಿಲ್ ಸೀಲ್ ಎಲ್ಲ ಅಲ್ಲಿಂದ ಹೋಗುತ್ತದೆ. ಸೀಸನ್ನಿನಲ್ಲಿ ಮಿಲ್ಲು ರಾತ್ರಿಯೂ ಓಡುತ್ತದೆ, ಬೇರಿಂಗು ರಾತ್ರಿಯೇ ಸಾಯುತ್ತದೆ. ಹಾಗಾಗಿ 'ಆ ಸಾಮಾನು ಅದಾವೇನ್ರಿ' ಅಂತ ಕೇಳುವವರಿಗೆ ಉತ್ತರ ಕೊಡಲು ಒಂದು ಚಾಟ್‌ಬಾಟ್ ಮಾಡಿಕೊಟ್ಟೆ. ಅಂಗಡಿಯ ಎಕ್ಸೆಲ್ ಶೀಟಿನಲ್ಲಿ ಸುಮಾರು ನಾಲ್ಕು ಸಾವಿರ ಸಾಲುಗಳಿದ್ದವು.

ಮೊದಲು ಬರೀ ಎಂಬೆಡಿಂಗ್ ಹಾಕಿದ್ದೆ. ಪ್ರತಿ ಸಾಲನ್ನೂ `multilingual-e5-small` ಮಾಡೆಲ್‌ಗೆ ಕೊಟ್ಟು ವೆಕ್ಟರ್, ಅಂದರೆ ಅದರ ಅರ್ಥ ಹಿಡಿದಿಡುವ ಸಂಖ್ಯೆಗಳ ಪಟ್ಟಿ, ಮಾಡಿಟ್ಟುಕೊಳ್ಳುವುದು, ಪ್ರಶ್ನೆ ಬಂದಾಗ ಅದಕ್ಕೆ ಹತ್ತಿರದ ಸಾಲು ಹುಡುಕುವುದು. 'ಧೂಳು ಒಳಗ ಹೋಗಬಾರದು, ಅಂಥ ಬೇರಿಂಗ್' ಅಂತ ಕೇಳಿದರೆ ರಬ್ಬರ್ ಸೀಲ್ ಇರುವವು ಬಂದವು. ನನಗೆ ಖುಷಿಯೋ ಖುಷಿ. ಮೂರನೇ ದಿನ ಮಾವ ಫೋನ್ ಮಾಡಿದರು.

"ಅಳಿಯಾ, 6205 ಕೇಳಿದ್ರ ನಿನ್ನ ಬಾಟ್ 6206 ಐತಿ ಅಂತೈತಿ. 25ರ ಶಾಫ್ಟಿಗೆ 30ರ ಬೇರಿಂಗ್ ಹಾಕಾಕ ಬರ್ತೈತೇನಪ್ಪ?"

ಬರುವುದಿಲ್ಲ. ಈ ನಂಬರಿನ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳಗಿನ ತೂತಿನ ಅಳತೆ ಸಿಗುತ್ತದೆ. 05 ಅಂದರೆ 25 ಮಿಮೀ, 06 ಅಂದರೆ 30. ಅಂಗಡಿಯ ಹುಡುಗನಿಗೂ ಗೊತ್ತಿರುವ ಲೆಕ್ಕ ಇದು. ಮಾಡೆಲ್‌ಗೆ ಗೊತ್ತಿಲ್ಲ. ಅದು ನಂಬರನ್ನು ಚೂರು ಮಾಡಿ ಓದುತ್ತದೆ, ಎರಡನ್ನೂ 'ಬೇರಿಂಗ್ ಜಾತಿಯ ನಂಬರ್' ಅಂತ ಪಕ್ಕಪಕ್ಕ ಇಡುತ್ತದೆ. 'ಅಂಕ ಕಡಿಮೆ ಇದ್ದರೆ ಇಲ್ಲ ಅನ್ನು' ಎಂಬ ನಿಯಮವೂ ಕೈಕೊಟ್ಟಿತು. ಈ ಮಾಡೆಲ್ ಕೊಡುವ ಹೋಲಿಕೆಯ ಅಂಕಗಳು ಹೆಚ್ಚಾಗಿ 0.7ರಿಂದ 1ರೊಳಗೇ ಗುಂಪುಗೂಡುತ್ತವೆ. ಸರಿಯಾದದ್ದಕ್ಕೂ ತಪ್ಪಿದ್ದಕ್ಕೂ ನಡುವೆ ಗೆರೆ ಎಳೆಯಲು ಜಾಗವೇ ಇಲ್ಲ.

ಸರಿ, ಪದ ಹುಡುಕುವ ವ್ಯವಸ್ಥೆಯನ್ನೂ ಸೇರಿಸೋಣ ಅಂತ ಎಸ್‌ಕ್ಯೂಲೈಟ್‌ನ `FTS5` ತೆಗೆದುಕೊಂಡೆ. ಬಿಎಂ25 ಲೆಕ್ಕ ಅದರಲ್ಲೇ ಇದೆ. ವಿರಳವಾದ ಪದಕ್ಕೆ ಜಾಸ್ತಿ ತೂಕ ಕೊಡುವ ಲೆಕ್ಕ ಅದು, ಹಾಗಾಗಿ '6205' ಎಂಬ ಪದ 'ಬೇರಿಂಗ್' ಎಂಬ ಪದಕ್ಕಿಂತ ಭಾರ. ಇಲ್ಲಿ ಒಂದು ಸಂಜೆ ಪೂರ್ತಿ ಹಾಳಾಯಿತು. ನಂಬರ್ ಸರಿಯಾಗಿ ಸಿಗುತ್ತಿತ್ತು, ಆದರೆ ಕನ್ನಡದಲ್ಲಿ 'ಬೇರಿಂಗ್' ಅಂತ ಹುಡುಕಿದರೆ ಸಂಬಂಧವಿಲ್ಲದ ಸಾಲುಗಳೂ ಬರುತ್ತಿದ್ದವು. ಕಾರಣ, ನಾವು ಏನೂ ಹೇಳದಿದ್ದರೆ FTS5 ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗ ಅಂದುಕೊಳ್ಳುತ್ತದೆ. ನಮ್ಮ ಏತ್ವ, ಗುಡಿಸು, ಅನುಸ್ವಾರ, ಒತ್ತು ಕೊಡುವ ಚಿಹ್ನೆ ಎಲ್ಲ ಅದರ ಕಣ್ಣಿಗೆ ಅಲ್ಪವಿರಾಮದ ಹಾಗೆ. 'ಬೇರಿಂಗ್' ಒಡೆದು ಬ, ರ, ಗ ಆಗಿತ್ತು! ಚಿಹ್ನೆಗಳನ್ನೂ ಸೇರಿಸಿಕೋ ಅಂತ ಹೇಳಿದರೆ ಸರಿಹೋಗುತ್ತದೆ:

```sql
CREATE VIRTUAL TABLE maal USING fts5(
  code, vivara,
  tokenize = "unicode61 categories 'L* N* Co M*'"
);
```

ಎರಡು ಪಟ್ಟಿ ಬಂದವು. ಒಂದು ಪದದ್ದು, ಒಂದು ವೆಕ್ಟರಿನದು. ಇವನ್ನು ಕೂಡಿಸಲು ಎಲ್ಲರೂ ಬಳಸುವ ರೆಸಿಪ್ರೋಕಲ್ ರ್ಯಾಂಕ್ ಫ್ಯೂಷನ್, ಅಂದರೆ ಆರ್‌ಆರ್‌ಎಫ್ ಹಾಕಿದೆ. ಪ್ರತಿ ಪಟ್ಟಿಯಲ್ಲಿ ಸಾಮಾನಿನ ಸ್ಥಾನಕ್ಕೆ 60 ಕೂಡಿಸಿ, ಒಂದನ್ನು ಅದರಿಂದ ಭಾಗಿಸಿ, ಎರಡೂ ಪಟ್ಟಿಯ ಅಂಕ ಸೇರಿಸುವುದು. ಬಿಎಂ25 ಅಂಕವನ್ನೂ ಹೋಲಿಕೆಯ ಅಂಕವನ್ನೂ ಒಂದೇ ತಕ್ಕಡಿಗೆ ತರುವ ತಲೆನೋವು ಇಲ್ಲ. ಇನ್ನು ಮುಗೀತು ಅಂದುಕೊಂಡೆ. ಮತ್ತೆ 6206 ಬಂತು.

ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದಾಗ ಗೊತ್ತಾಯಿತು. ಪ್ರಶ್ನೆ '6205 2RS ಬೇರಿಂಗ್, ಎಲಿವೇಟರ್‌ಗೆ' ಅಂತ. 2RS ಅಂದರೆ ಎರಡೂ ಕಡೆ ರಬ್ಬರ್ ಸೀಲ್. ಪದದ ಪಟ್ಟಿಯಲ್ಲಿ 6205-2RS ಮೊದಲನೆಯದು, ಅಂದರೆ 1/61, ಸುಮಾರು 0.0164. ಅದರ ವಿವರದಲ್ಲಿ 'ಎಲಿವೇಟರ್' ಅಂತ ಬರೆದಿರಲಿಲ್ಲ, ಹಾಗಾಗಿ ವೆಕ್ಟರ್ ಪಟ್ಟಿಯ ಮೊದಲ ಹತ್ತರಲ್ಲಿ ಅದು ಇರಲೇ ಇಲ್ಲ, ಆ ಕಡೆಯಿಂದ ಅಂಕ ಸೊನ್ನೆ. 6206-2RS ಪದದ ಪಟ್ಟಿಯಲ್ಲಿ ನಾಲ್ಕನೆಯದು, ವೆಕ್ಟರ್ ಪಟ್ಟಿಯಲ್ಲಿ ಎರಡನೆಯದು. 1/64 ಮತ್ತು 1/62 ಕೂಡಿದರೆ 0.0318. ಸರಿಯಾದ ಸಾಮಾನಿನ ಹೆಚ್ಚುಕಡಿಮೆ ಎರಡರಷ್ಟು! ಎರಡೂ ಕಡೆ ಸುಮಾರಾಗಿ ಇರುವುದು ಒಂದೇ ಕಡೆ ಮೊದಲ ಸ್ಥಾನದಲ್ಲಿರುವುದನ್ನು ಹಿಂದೆ ಹಾಕುತ್ತದೆ. ಲೇಖನ ಹುಡುಕುವಾಗ ಅದು ಒಳ್ಳೆಯ ಗುಣ ಇರಬಹುದು. ಪಾರ್ಟ್ ನಂಬರಿಗೆ ಅಲ್ಲ. ನಂಬರ್ ಒಂದೋ ಸರಿ, ಇಲ್ಲವೋ ತಪ್ಪು. ಅದಕ್ಕೆ ಓಟು ಹಾಕಿಸಬಾರದು.

ಆಮೇಲೆ ನಂಬರಿಗೆ ಬೇರೆಯೇ ದಾರಿ ಮಾಡಿದೆ. ಪ್ರಶ್ನೆ ಬಂದ ತಕ್ಷಣ ಅಂಕಿ ಇರುವ ತುಂಡುಗಳನ್ನು, ಅಕ್ಕಪಕ್ಕದವನ್ನು ಜೋಡಿಸಿಯೂ, ಹೆಕ್ಕುತ್ತೇನೆ. ಜನ 6205-2RS, 6205 2rs, 62052RS, ೬೨೦೫ 2RS ಹೀಗೆ ಮನಸ್ಸಿಗೆ ಬಂದ ಹಾಗೆ ಬರೆಯುತ್ತಾರೆ. ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು:

```python
import re

ANKI = str.maketrans("೦೧೨೩೪೫೬೭೮೯", "0123456789")

def norm(s):
    return re.sub(r"[\s\-/]", "", s.translate(ANKI).upper())
```

ಕ್ಯಾಟಲಾಗಿನ ಕೋಡುಗಳನ್ನೂ ಇದೇ ಫಂಕ್ಷನ್ನಿನಲ್ಲಿ ಹಾಯಿಸಿ ಬೇರೆ ಕಾಲಮ್ಮಿನಲ್ಲಿ ಇಟ್ಟಿದ್ದೇನೆ. ತುಂಡು ಅಲ್ಲಿ ಇದ್ದರೆ ಆ ಸಾಲು ಮೇಲೆ, ಅಷ್ಟೇ. ಬರೀ 6205 ಅಂದರೆ ಅದರಿಂದ ಶುರುವಾಗುವ ಎಲ್ಲ ಸಾಲುಗಳು ಬರುತ್ತವೆ, ಅವುಗಳೊಳಗೆ ಮಾತ್ರ ಆರ್‌ಆರ್‌ಎಫ್ ಸಾಲು ಹಚ್ಚುತ್ತದೆ. ನಂಬರೇ ಇಲ್ಲದ ಪ್ರಶ್ನೆಗೆ ಹಳೆಯ ಹಾಗೆ ಎರಡೂ ಪಟ್ಟಿ ಕೂಡುತ್ತವೆ. 'ಬೇರಿಂಗಿಗೆ', 'ಬೇರಿಂಗಿನ' ಅಂತ ಪದದ ಬಾಲ ಬದಲಾದಾಗ ಪದ ಹುಡುಕಾಟ ಸೋಲುತ್ತದೆ, ಅಲ್ಲಿ ವೆಕ್ಟರ್ ಕೈ ಹಿಡಿಯುತ್ತದೆ.

ನಂಬರ್ ಕ್ಯಾಟಲಾಗಿನಲ್ಲಿ ಇಲ್ಲದಿದ್ದರೆ? ಬಾಟ್ ಮೊದಲು 'ಈ ನಂಬರ್ ನಮ್ಮಲ್ಲಿಲ್ಲ' ಅನ್ನಬೇಕು, ಹತ್ತಿರದ್ದನ್ನು ತಾನಾಗಿ ನೀಡಬಾರದು. ಈ ನಿಯಮ ಹಾಕಿದ ಮರುದಿನವೇ ಒಬ್ಬರು '1440 ಆರ್‌ಪಿಎಂ ಮೋಟರಿಗೆ ಬೆಲ್ಟ್' ಕೇಳಿದರು. ಬಾಟ್ '1440 ಇಲ್ಲ' ಅಂದಿತು. ಈಗ ಆರ್‌ಪಿಎಂ, ಎಚ್‌ಪಿ, ಪೀಸ್ ಇವುಗಳ ಹಿಂದಿನ ಅಂಕಿಯನ್ನು ನಂಬರ್ ಅಂತ ಎಣಿಸುವುದಿಲ್ಲ.

ಇನ್ನೊಂದು ಕೆಲಸ ಮಾವನ ಕೈಯಲ್ಲೇ ಮಾಡಿಸಿದೆ. ಎರಡೂ ಕಡೆ ರಬ್ಬರ್ ಸೀಲ್ ಇರುವುದಕ್ಕೆ ಬೇರಿಂಗ್ ಕಂಪನಿಗಳ ಪೈಕಿ ಎಸ್‌ಕೆಎಫ್‌ನವರು 2RS1 ಅಂತಾರೆ, ಎನ್‌ಎಸ್‌ಕೆಯವರು DDU, ಎನ್‌ಟಿಎನ್‌ನವರು LLU. ಗಿರಾಕಿ ಹಳೆ ಬೇರಿಂಗ್ ಮೇಲಿದ್ದದ್ದನ್ನು ನೋಡಿ ಬರೆಯುತ್ತಾನೆ. ಅಕ್ಷರದಲ್ಲಿ ಹೋಲಿಕೆಯೇ ಇಲ್ಲದ ಇವು ಒಂದೇ ಕೆಲಸದವು ಅಂತ ಪದ ಹುಡುಕಾಟಕ್ಕೂ ತಿಳಿಯುವುದಿಲ್ಲ, ಎಂಬೆಡಿಂಗನ್ನೂ ನಂಬುವ ಹಾಗಿಲ್ಲ. ಮಾವ ಒಂದು ಮಧ್ಯಾಹ್ನ ಕೂತು ಹೇಳಿದರು, ನಾನು ಟೇಬಲ್ ಮಾಡಿಕೊಂಡೆ. ಎಪ್ಪತ್ತು ಸಾಲೂ ಇಲ್ಲ. ಇಡೀ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ ಅನ್ನಿಸುತ್ತದೆ.

ಕೊನೆಗೆ ಉತ್ತರ ಬರೆಯುವ ಮಾಡೆಲ್ ನಂಬರನ್ನು ತಾನೇ ಟೈಪ್ ಮಾಡುವ ಹಾಗಿಲ್ಲ. ಅದು ಸಾಲಿನ ಐಡಿ ಮಾತ್ರ ಹೇಳುತ್ತದೆ, ಕೋಡು ಮತ್ತು ಬೆಲೆಯನ್ನು ನನ್ನ ಪ್ರೋಗ್ರಾಂ ಡೇಟಾಬೇಸಿನಿಂದ ಹಾಕುತ್ತದೆ.

ಆಯಿಲ್ ಸೀಲ್ ಇನ್ನೂ ಪೂರ್ತಿ ಸರಿಹೋಗಿಲ್ಲ. 35x52x7 ಅಂದರೆ ಒಳಗೆ, ಹೊರಗೆ, ದಪ್ಪ. ಕೆಲವರು '52 35 7' ಅಂತ ಕಳಿಸುತ್ತಾರೆ. ಅಳತೆಯ ನಡುವಿನ ಜಾಗ ಅಳಿಸಿದರೆ ಬೇರೆ ಬೇರೆ ಸೀಲುಗಳು ಒಂದೇ ಅಂಕಿ ಆಗಿಬಿಡುತ್ತವೆ, ಹಾಗಾಗಿ ಇವನ್ನು `norm`ಗೆ ಕೊಡದೆ ಮೂರು ಕಾಲಮ್ಮಿನಲ್ಲಿ ಬೇರೆಯಾಗಿ ಇಟ್ಟಿದ್ದೇನೆ. ಸದ್ಯ ಬಾಟ್ 'ಒಳಗಿನ ಅಳತೆ ಯಾವುದ್ರಿ?' ಅಂತ ತಿರುಗಿ ಕೇಳುತ್ತದೆ. ಅರ್ಧ ಜನ ಸೀಲಿನ ಫೋಟೋ ಕಳಿಸುತ್ತಾರೆ, ಆಗ ಮಾವನನ್ನೇ ಎಬ್ಬಿಸಬೇಕು.